ಯಾವ ದಿನ ಗೇಟಿನಲ್ಲಿ ನಿಲ್ಲುತ್ತೀರಿ?

ರಜೆ ಕೇಳುವ ಪತ್ರ ಬರೆಯುವುದು ನಮಗೆಲ್ಲ ಗೊತ್ತು. ಐದನೇ ಕ್ಲಾಸಿನಿಂದಲೇ ಬರೆದು ಅಭ್ಯಾಸ. ರಜೆ ಮಂಜೂರಾದ ಮೇಲೆ ಬರೆಯಬೇಕಾದ ಇನ್ನೊಂದು ಪತ್ರವಿದೆ, ಅದನ್ನು ಮಾತ್ರ ಯಾರೂ ಕಲಿಸಲಿಲ್ಲ. ರಜೆ ಸಿಕ್ಕಿತು ಎಂದು ಗೊತ್ತಾದ ಕೂಡಲೇ ನಮ್ಮ ಮನಸ್ಸು ಅರ್ಧ ಊರು ಸೇರಿರುತ್ತದೆ. ಬ್ಯಾಗು ತುಂಬುವುದು, ಮಕ್ಕಳ ಶಾಲೆಗೆ ಹೇಳುವುದು, ಗ್ಯಾಸು, ಹಾಲು, ಪೇಪರು ನಿಲ್ಲಿಸುವುದು. ಸಾಹೇಬರಿಗೆ ಫೋನಿನಲ್ಲಿ ಒಂದು ‘ಥ್ಯಾಂಕ್ಯೂ ಸರ್’ ಕಳಿಸಿದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ನಾಲ್ಕು ದಿನದ ರಜೆಗೆ ಅಷ್ಟು ಸಾಕು. ಒಂದು ತಿಂಗಳು, ಒಂದೂವರೆ ತಿಂಗಳ ರಜೆಗೆ ಸಾಲದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಭಾಂಡುಪ್ ಪಶ್ಚಿಮದ ಎಲ್.ಬಿ.ಎಸ್. ರಸ್ತೆಯಲ್ಲಿ ಸಾಲಾಗಿ ಕಾರ್ಖಾನೆಗಳಿದ್ದ ಕಾಲದಲ್ಲಿ ಅವುಗಳಲ್ಲೊಂದರ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ರಜೆಯಲ್ಲಿದ್ದಾರೆ, ಯಾರ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ಮಸ್ಟರಿನಲ್ಲಿ ಬರೆಯುವುದೇ ನನ್ನ ಕೆಲಸ. ಕಾರ್ಮಿಕರಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯವರಿದ್ದರು, ಕೊಂಕಣದವರಿದ್ದರು, ಸಾತಾರಾ, ಸಾಂಗ್ಲಿಯವರಿದ್ದರು, ಉತ್ತರ ಪ್ರದೇಶದವರೂ ಇದ್ದರು. ಊರು ಬೇರೆಯಾದರೂ ಎಲ್ಲರ ರಜೆಯ ಕಾರಣಗಳು ಒಂದೇ: ಅಮ್ಮನ ಕಾಯಿಲೆ, ತಂಗಿಯ ಮದುವೆ, ನಾಟಿ, ಮನೆಯ ಪಾಲು. ಊರಿಗೆ ಹೋದವರು ಹೇಳಿದ ದಿನ ಬರುವುದೂ ಕಷ್ಟ, ಬಾರದಿದ್ದರೆ ಇಲ್ಲಿ ಉಳಿಯುವುದೂ ಕಷ್ಟ.

ನಮ್ಮ ರಜೆ ಫಾರ್ಮಿನಲ್ಲಿ ‘ಇಂದಿನಿಂದ’, ‘ಇಂದಿನವರೆಗೆ’ ಎಂಬ ಎರಡು ಕಾಲಮ್ಮುಗಳ ಪಕ್ಕದಲ್ಲಿ ಮೂರನೆಯದೊಂದಿತ್ತು: ‘ಹಾಜರಾಗುವ ದಿನ’. ಹೊಸಬರು ಅದನ್ನು ಖಾಲಿ ಬಿಡುತ್ತಿದ್ದರು. ಮೇಲೆ ಬರೆದಿದೆಯಲ್ಲ, ಮತ್ತೇಕೆ ಎಂದು ಅವರ ಪ್ರಶ್ನೆ. ‘14ರವರೆಗೆ ರಜೆ’ ಎಂದು ಬರೆದವನು 14ನೇ ತಾರೀಖು ಬರುತ್ತಾನೋ, 15ಕ್ಕೆ ಬರುತ್ತಾನೋ? 15 ಭಾನುವಾರವಾದರೆ? ಅವನದು ರಾತ್ರಿ ಹನ್ನೊಂದಕ್ಕೆ ಶುರುವಾಗುವ ಮೂರನೇ ಪಾಳಿಯಾದರೆ? 15ರ ರಾತ್ರಿ ಎಂದರೆ ನಮ್ಮ ಮಸ್ಟರಿನಲ್ಲಿ 15ರ ಪಾಳಿ, ಆದರೆ ಅದರ ಹೆಚ್ಚಿನ ತಾಸುಗಳು ಬೀಳುವುದು 16ರಂದು. ‘ವರೆಗೆ’ ಎಂಬ ಶಬ್ದ ಕನ್ನಡದಲ್ಲೂ ಜಾರುತ್ತದೆ, ಮರಾಠಿಯ ‘ಪರ್ಯಂತ’ವೂ ಜಾರುತ್ತದೆ. ಅದಕ್ಕೇ ನಾನು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ಯಾವ ದಿನ, ಯಾವ ವಾರ, ಯಾವ ಪಾಳಿಗೆ ಗೇಟಿನಲ್ಲಿ ನಿಲ್ಲುತ್ತೀರಿ, ಅದನ್ನು ಹೇಳಿ.’ ತಾರೀಖಿನ ಜೊತೆ ವಾರವನ್ನೂ ಹೇಳಿಸುತ್ತಿದ್ದುದಕ್ಕೆ ಕಾರಣವಿದೆ. ಬರೀ ತಾರೀಖು ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ. ವಾರ ಮತ್ತು ತಾರೀಖು ಹೊಂದದಿದ್ದರೆ ಕ್ಯಾಲೆಂಡರ್ ನೋಡಿದವರಿಗೆ ಕೂಡಲೇ ತಿಳಿಯುತ್ತದೆ.

ಆ ಒಂದು ದಿನಕ್ಕೆ ಇಷ್ಟು ತೂಕ ಬರಲು ಎರಡು ಕಾರಣಗಳಿದ್ದವು. ಒಂದು ಕಾನೂನಿನದು, ಇನ್ನೊಂದು ಮನುಷ್ಯರದು.

ಕಾನೂನಿನ ಮಾತು ಮೊದಲು. 1946ರ ಸ್ಥಾಯಿ ಆದೇಶಗಳ ಕಾಯಿದೆಯ ಕೆಳಗೆ ಕಾರ್ಖಾನೆಗಳಿಗೆ ಮಾದರಿ ನಿಯಮಗಳಿದ್ದವು. ಮಂಜೂರಾದ ಅಥವಾ ಆಮೇಲೆ ಮುಂದುವರಿಸಿದ ರಜೆ ಮುಗಿದ ಮೇಲೂ ಕಾರ್ಮಿಕ ಬಾರದಿದ್ದರೆ, ಮುಗಿದ ದಿನದಿಂದ 8 ದಿನಗಳೊಳಗೆ ಬಂದು ತಡವಾದುದಕ್ಕೆ ಒಪ್ಪುವಂಥ ಕಾರಣ ಹೇಳಬೇಕು. ಇಲ್ಲದಿದ್ದರೆ ಆ ಹುದ್ದೆಯ ಮೇಲೆ ಅವನಿಗಿರುವ ಹಕ್ಕು ಹೋಗುತ್ತದೆ. ಈ ಹಕ್ಕಿಗೆ ‘ಲೀನ್’ ಎಂದು ಹೆಸರು. ನಮ್ಮ ಕಾರ್ಮಿಕರು ‘ಲೀನ್ ಹೋಯಿತು’ ಎನ್ನುವುದನ್ನು ‘ಮನೆ ಹೋಯಿತು’ ಎನ್ನುವ ದನಿಯಲ್ಲಿ ಹೇಳುತ್ತಿದ್ದರು. ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ಹೆಚ್ಚಿನವರು ಗಮನಿಸುತ್ತಿರಲಿಲ್ಲ. ಊರಿಗೆ ಹೋದ ಮೇಲೆ ರಜೆ ಮುಂದುವರಿಸಿ ಎಂದು ಕೇಳಿದರೆ, ಮಾಲಿಕರ ಕಡೆಯವರು ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಲಿಖಿತ ಉತ್ತರ ಕಳಿಸಬೇಕು. ಆದರೆ ಕಾರ್ಮಿಕನ ವಿಳಾಸ ಅವರ ಬಳಿ ಇದ್ದರೆ ಮಾತ್ರ, ಆ ಉತ್ತರ ರಜೆ ಮುಗಿಯುವ ಮೊದಲು ಅವನ ಕೈಸೇರುವಂತಿದ್ದರೆ ಮಾತ್ರ. ಎಂದರೆ ಊರಿನ ವಿಳಾಸ ಕೊಡದೆ ಹೋದವನಿಗೆ ಉತ್ತರ ಕೇಳುವ ದಾರಿಯೇ ಇರಲಿಲ್ಲ.

ಆ 8 ದಿನದ ನಿಯಮವನ್ನು ಹಿಡಿದುಕೊಂಡು ಹೆಸರು ಹೊಡೆದುಹಾಕುವುದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಡಿ.ಕೆ. ಯಾದವ್ ಎಂಬ ಕಾರ್ಮಿಕ ಜೆ.ಎಂ.ಎ. ಇಂಡಸ್ಟ್ರೀಸ್ ವಿರುದ್ಧ ಹೂಡಿದ ಪ್ರಕರಣ ಅದು. ಆತ 8 ದಿನಕ್ಕಿಂತ ಹೆಚ್ಚು ಗೈರುಹಾಜರಾಗಿದ್ದಾನೆ, ಆದ್ದರಿಂದ ಕೆಲಸ ತಾನಾಗಿಯೇ ಹೋಯಿತು ಎಂದು ಕಂಪನಿಯ ವಾದ. ತಾನು ಬಂದರೂ ಗೇಟಿನೊಳಗೆ ಬಿಡಲಿಲ್ಲ ಎಂದು ಅವನ ವಾದ. ವಿಚಾರಣೆ ಮಾಡದೆ, ಅವನ ಮಾತು ಕೇಳದೆ ಹೀಗೆ ತೆಗೆದುಹಾಕುವಂತಿಲ್ಲ ಎಂದು 1993ರ ಮೇ ತಿಂಗಳಲ್ಲಿ ತೀರ್ಪು ಬಂತು. ಕೆಲಸ ವಾಪಸು ಸಿಕ್ಕಿತು, ಹಿಂದಿನ ಸಂಬಳದಲ್ಲಿ ಅರ್ಧವೂ ಸಿಕ್ಕಿತು. ಇದು ಕಾರ್ಮಿಕರಿಗೆ ದೊಡ್ಡ ಆಸರೆ. ಆದರೆ ಆ ತಕರಾರು ಶುರುವಾದದ್ದು 1980ರ ಡಿಸೆಂಬರಿನಲ್ಲಿ ಎಂಬುದನ್ನೂ ಮರೆಯಬಾರದು. ಗೆಲ್ಲಲು ಹನ್ನೆರಡು ವರ್ಷ ಬೇಕಾಯಿತು. ಈಗ 1946ರ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಕಂಪ್ಯೂಟರ್ ಮುಂದೆ ಕೂರುವ ಎಷ್ಟೋ ಜನರಿಗೆ ನೇಮಕಾತಿ ಪತ್ರದಲ್ಲಿರುವುದೇ ನಿಯಮ. ಆದರೂ ಇಷ್ಟು ದಿನ ಸುದ್ದಿಯಿಲ್ಲದೆ ಗೈರುಹಾಜರಾದರೆ ಕೆಲಸ ಬಿಟ್ಟಂತೆ ಎಂಬ ಸಾಲು ಎಷ್ಟೋ ನೇಮಕಾತಿ ಪತ್ರಗಳಲ್ಲಿ ಇವತ್ತಿಗೂ ಇದೆ. ನಿಮ್ಮ ಪತ್ರದ ಕೊನೆಯ ಪುಟ ತೆಗೆದು ನೋಡಿ.

ಎರಡನೆಯದು ಮನುಷ್ಯರ ಮಾತು. ಮುಂಬಯಿಯ ಗಿರಣಿ, ಕಾರ್ಖಾನೆಗಳಲ್ಲಿ ‘ಬದಲಿ’ ಎಂಬ ಜನವಿತ್ತು. ಕಾಯಂ ಕಾರ್ಮಿಕ ರಜೆ ಹೋದರೆ ಅವನ ಜಾಗಕ್ಕೆ ನಿಲ್ಲುವವನು ಬದಲಿ. ಬೆಳಿಗ್ಗೆ ಗೇಟಿಗೆ ಬಂದು ನಿಲ್ಲುತ್ತಾನೆ, ಜಾಗ ಖಾಲಿಯಿದ್ದರೆ ಒಳಗೆ, ಇಲ್ಲದಿದ್ದರೆ ವಾಪಸು. ಕಾಯಂ ಕಾರ್ಮಿಕ ಒಂದೂವರೆ ತಿಂಗಳು ಊರಿಗೆ ಹೋಗುತ್ತಾನೆ ಎಂದರೆ ಬದಲಿಗೆ ಒಂದೂವರೆ ತಿಂಗಳು ಅನ್ನ ಖಾತ್ರಿ. ಅವನೂ ತನ್ನ ಊರಿಗೆ ಯಾವಾಗ ಹೋಗಬಹುದು, ಖಾನಾವಳಿಯ ಬಾಕಿ ಯಾವಾಗ ತೀರಿಸಬಹುದು ಎಂದು ಲೆಕ್ಕ ಹಾಕುವುದು ಇನ್ನೊಬ್ಬನ ಹಾಜರಾಗುವ ದಿನ ನೋಡಿಯೇ. ಹೇಳಿದ್ದಕ್ಕಿಂತ ಮೂರು ದಿನ ಮೊದಲೇ ಕಾಯಂ ಕಾರ್ಮಿಕ ಬಂದುಬಿಟ್ಟರೆ ಬದಲಿಯ ಮುಖ ಹೇಗಾಗುತ್ತಿತ್ತು ಎಂಬುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಹಾಗಾಗಿ ವಾಪಸು ಬರುವ ದಿನ ಬರೀ ನಮ್ಮದಲ್ಲ. ಇನ್ನೊಬ್ಬರು ಅದನ್ನು ನಂಬಿಕೊಂಡಿರುತ್ತಾರೆ. ಈಗಿನ ಆಫೀಸುಗಳಲ್ಲಿ ಬದಲಿ ಎಂಬ ಹೆಸರಿಲ್ಲ, ಪಕ್ಕದ ಮೇಜಿನ ಗೆಳೆಯನೋ ಗೆಳತಿಯೋ ಆ ಕೆಲಸ ಮಾಡುತ್ತಾರೆ. ಆ ಕೆಲಸಕ್ಕೆ ಅವರಿಗೆ ಬೇರೆ ಸಂಬಳವಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು 2025ರ ಒಂದು ವಿಷಯ ಹೇಳುತ್ತೇನೆ. ನಮ್ಮ ಸೊಸೈಟಿಯ ಮೇಲಿನ ಮಹಡಿಯಲ್ಲಿರುವ ಹುಡುಗಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ವಾರಕ್ಕೆ ಐದು ದಿನದ ಕೆಲಸ. ಕುಂದಾಪುರದಲ್ಲಿ ಅವಳ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಆಪರೇಷನ್ ಆಯಿತು. ಎದ್ದು ಓಡಾಡುವವರೆಗೆ ಹತ್ತಿರ ಒಬ್ಬರು ಬೇಕು. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಇವಳು 45 ದಿನದ ರಜೆ ಕೇಳಿದಳು. ಸ್ವಲ್ಪ ಸಂಬಳದ ರಜೆ, ಉಳಿದದ್ದು ಸಂಬಳವಿಲ್ಲದ್ದು. ಮೇ 26, ಸೋಮವಾರ ಮ್ಯಾನೇಜರರಿಂದ ಉತ್ತರ ಬಂತು: ಜೂನ್ 2ರಿಂದ 45 ದಿನ ಮಂಜೂರು, ಅಮ್ಮನನ್ನು ನೋಡಿಕೊಳ್ಳಿ. ಮರುದಿನ ಸಂಜೆ ಅವಳು ಫೋನು ಹಿಡಿದುಕೊಂಡು ಕೆಳಗೆ ಬಂದಳು. ‘ಅಂಕಲ್, ಚೆನ್ನಾಗಿ ಥ್ಯಾಂಕ್ಸ್ ಹೇಳಿ ಒಂದು ಮೇಲ್ ಹಾಕಬೇಕು, ನೀವು ಒಮ್ಮೆ ನೋಡಿ’ ಎಂದಳು.

ನಾನು ನನ್ನ ಹಳೆಯ ಪ್ರಶ್ನೆ ಕೇಳಿದೆ. ‘ಯಾವ ದಿನ ವಾಪಸು ಹಾಜರಾಗುತ್ತೀ ಮಗಾ?’

‘ಆಗಸ್ಟ್ 4, ಸೋಮವಾರ’ ಎಂದಳು, ಒಂದು ಕ್ಷಣವೂ ಯೋಚಿಸದೆ.

ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟೆವು. ಜೂನ್ 2ರಿಂದ ದಿನಕ್ಕೆ ದಿನ ಎಣಿಸಿದರೆ ಜೂನ್‌ನಲ್ಲಿ 29, ಜುಲೈಯಲ್ಲಿ 16, ಒಟ್ಟು 45. ರಜೆ ಮುಗಿಯುವುದು ಜುಲೈ 16, ಬುಧವಾರ. ಹಾಜರಾಗುವ ದಿನ ಜುಲೈ 17, ಗುರುವಾರ. ಅವಳ ಲೆಕ್ಕ ಬೇರೆ. ಹಿಂದಿನ ದೀಪಾವಳಿಗೆ ರಜೆ ಹಾಕಿದಾಗ ಶನಿವಾರ, ಭಾನುವಾರಗಳನ್ನು ರಜೆಯಲ್ಲಿ ಹಿಡಿದಿರಲಿಲ್ಲ. ಹಾಗೆ ಕೆಲಸದ ದಿನ ಮಾತ್ರ ಎಣಿಸಿದರೆ ಜೂನ್‌ನಲ್ಲಿ 21, ಜುಲೈಯಲ್ಲಿ 23, ನಲವತ್ತೈದನೆಯದು ಆಗಸ್ಟ್ 1, ಶುಕ್ರವಾರ. ಹಾಜರಾಗುವುದು 4ರ ಸೋಮವಾರ. ಮಂಜೂರಾತಿಯ ಪತ್ರ ಒಂದೇ, ಅಂಕೆ ಒಂದೇ, ಆದರೆ ಎರಡು ಲೆಕ್ಕಗಳ ನಡುವೆ 18 ದಿನ. ಮ್ಯಾನೇಜರರ ಮನಸ್ಸಿನಲ್ಲಿ ಜುಲೈ 17 ಇದ್ದು ಇವಳ ಮನಸ್ಸಿನಲ್ಲಿ ಆಗಸ್ಟ್ 4 ಇದ್ದರೆ, ಅಮ್ಮನ ಪಕ್ಕದಲ್ಲಿ ನೆಮ್ಮದಿಯಾಗಿ ಕೂತಿರುವ ಹೊತ್ತಿನಲ್ಲೇ ಇವಳು ಕಂಪನಿಯ ಲೆಕ್ಕದಲ್ಲಿ 12 ಕೆಲಸದ ದಿನ ಹೇಳದೆ ಗೈರುಹಾಜರು.

ಇಬ್ಬರಲ್ಲಿ ಯಾರದೂ ಅಸಂಬದ್ಧ ಲೆಕ್ಕವಲ್ಲ, ಅದೇ ಇದರ ತೊಡಕು. 1948ರ ಕಾರ್ಖಾನೆ ಕಾಯಿದೆಯಲ್ಲಿ ವರ್ಷದ ಸಂಬಳದ ರಜೆಯ ಲೆಕ್ಕಕ್ಕೆ ನಡುವೆ ಬರುವ ಅಥವಾ ಎರಡು ತುದಿಗಳಲ್ಲಿ ಬರುವ ಬಿಡುವಿನ ದಿನಗಳನ್ನು ಸೇರಿಸಬಾರದು ಎಂದು ಸ್ಪಷ್ಟವಾಗಿತ್ತು. ಆ ಅಭ್ಯಾಸ ಮುಂಬಯಿಯ ಕೆಲಸಗಾರರ ಮನಸ್ಸಿನಲ್ಲಿ ಬೇರೂರಿದೆ. ಸಂಬಳವಿಲ್ಲದ ರಜೆಯ ಲೆಕ್ಕ ಹಾಗಲ್ಲ. ಸಂಬಳದ ರಜೆಯನ್ನು ಕೆಲಸದ ದಿನಗಳಲ್ಲಿ ಎಣಿಸುವ ಕಂಪನಿಯೇ ಸಂಬಳವಿಲ್ಲದ ರಜೆಯನ್ನು ಕ್ಯಾಲೆಂಡರಿನ ದಿನಗಳಲ್ಲಿ ಎಣಿಸುವುದುಂಟು. ನಾಲ್ಕು ದಿನದ ರಜೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ರಜೆ ಉದ್ದವಾದಷ್ಟೂ ವಾರದ ಬಿಡುವುಗಳು ಒಂದರ ಮೇಲೊಂದು ಕೂಡಿ ವ್ಯತ್ಯಾಸವೂ ಬೆಳೆಯುತ್ತದೆ. ಅದಕ್ಕೇ ಉದ್ದ ರಜೆಯನ್ನು ‘ಇಷ್ಟು ದಿನ’ ಎಂದು ಯಾವತ್ತೂ ಬಿಡಬಾರದು. ಶುರುವಿನ ದಿನ, ಕೊನೆಯ ದಿನ, ಹಾಜರಾಗುವ ದಿನ, ಮೂರನ್ನೂ ಬರೆಯಬೇಕು.

ಅವತ್ತು ಅವಳು ಕಳಿಸಿದ ಮೇಲ್ ಚಿಕ್ಕದು. ರಜೆ ಕೊಟ್ಟದ್ದಕ್ಕೆ ವಂದನೆ. 45 ದಿನವನ್ನು ನಾನು ಕೆಲಸದ ದಿನಗಳೆಂದು ತಿಳಿದಿದ್ದೇನೆ, ಹಾಗಾದರೆ ಆಗಸ್ಟ್ 4, ಸೋಮವಾರ ಹಾಜರಾಗಬೇಕು. ಶನಿವಾರ, ಭಾನುವಾರ ಸೇರಿಸಿ ಎಣಿಸುವುದಾದರೆ ಜುಲೈ 17, ಗುರುವಾರ. ಯಾವುದು ಸರಿ ಎಂದು ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ, ಶನಿವಾರ ಹೊರಡುವ ಮೊದಲು ಅಮ್ಮನ ವ್ಯವಸ್ಥೆ ಮಾಡಿಕೊಳ್ಳಬೇಕು. ಇಷ್ಟೇ. ‘ನನ್ನ ಲೆಕ್ಕವೇ ಸರಿ’ ಎಂಬ ಹಟವೂ ಇಲ್ಲ, ‘ದಯವಿಟ್ಟು ಕ್ಷಮಿಸಿ’ ಎಂಬ ಅಂಗಲಾಚುವಿಕೆಯೂ ಇಲ್ಲ. ಕೇಳದೆ ಸುಮ್ಮನಿದ್ದು ಆಗಸ್ಟ್ 4 ಎಂದೇ ನಡೆದುಕೊಂಡರೆ ಹೇಗೆ ಎಂದು ಅವಳಿಗೂ ಒಂದು ಆಸೆ ಬಂದಿತ್ತು. ಅಮ್ಮನ ಜೊತೆ 18 ದಿನ ಹೆಚ್ಚು ಸಿಗುತ್ತದೆ ಎಂದರೆ ಯಾರಿಗೆ ಆಸೆ ಬರುವುದಿಲ್ಲ! ಆದರೆ ಆ 18 ದಿನವನ್ನು ಕೇಳಿ ಪಡೆಯಬಹುದು, ಕ್ಯಾಲೆಂಡರಿನ ಸಂದಿಯಲ್ಲಿ ಪಡೆಯಲು ಹೋಗಬಾರದು.

ಗುರುವಾರ ಉತ್ತರ ಬಂತು. ಮ್ಯಾನೇಜರರಿಗೂ ಖಚಿತವಿರಲಿಲ್ಲವಂತೆ, ಎಚ್.ಆರ್.ನವರನ್ನು ಕೇಳಿದರಂತೆ. ಎಲ್ಲ ದಿನ ಸೇರಿಸಿ 45, ಹಾಜರಾಗುವುದು ಜುಲೈ 17. ಅವಳ ಕಣ್ಣು ತುಂಬಿತು. ಆದರೆ ಕೈಯಲ್ಲಿ ಇನ್ನೂ ಎರಡು ದಿನವಿತ್ತು, ಅದೇ ದೊಡ್ಡ ಲಾಭ. ರಾತ್ರಿಯೇ ಅಣ್ಣನಿಗೆ ಫೋನು ಮಾಡಿದಳು. ಅವನು ಜುಲೈ 14ಕ್ಕೆ ಬಂದು ಆಗಸ್ಟ್ ಶುರುವಿನವರೆಗೆ ಊರಿನಲ್ಲೇ ಉಳಿಯುವುದು ಎಂದಾಯಿತು. ಒಂದು ದಿನ ಇಬ್ಬರೂ ಜೊತೆಗಿದ್ದರೆ ಮಾತ್ರೆ, ಫಿಸಿಯೋಥೆರಪಿ, ಅಮ್ಮನನ್ನು ಮಂಚದಿಂದ ಎಬ್ಬಿಸುವ ರೀತಿ ಎಲ್ಲ ಒಪ್ಪಿಸಬಹುದು. ಇದೇ ಸುದ್ದಿ ಜುಲೈ 18ರಂದು ಆಫೀಸಿನ ಫೋನಿನಲ್ಲಿ ಬಂದಿದ್ದರೆ ಅಣ್ಣನಿಗೆ ರಜೆ ಸಿಗುತ್ತಿತ್ತೇ?

ದಿನ ಗೊತ್ತಾದ ಮೇಲೆ ರೈಲಿನ ಮಾತು. ನಮ್ಮ ಕಡೆಯವರ ರಜೆ ಪತ್ರದಲ್ಲಿ ಕಾಣದೆ ಕೂತಿರುವುದು ಯಾವಾಗಲೂ ರೈಲೇ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಉದ್ದ ರಜೆಗೆ ಹೊರಡುವಾಗ ಎಷ್ಟೋ ಸಲ ವಾಪಸು ಬರುವ ದಿನದ ಟಿಕೆಟ್ ಇನ್ನೂ ತೆರೆದಿರುವುದಿಲ್ಲ. ಆಗಸ್ಟ್ 4 ಎಂದುಕೊಂಡಿದ್ದರಿಂದ ಇವಳು ವಾಪಸು ಟಿಕೆಟಿನ ಯೋಚನೆಯನ್ನೇ ಬಿಟ್ಟಿದ್ದಳು, ಊರಿಗೆ ಹೋಗಿ ನೋಡೋಣ ಎಂದು. ಈಗ ಜುಲೈ ಮಧ್ಯದ ಟಿಕೆಟ್ ತೆರೆದಿತ್ತು, ಸಿಕ್ಕಿತು. ಅದನ್ನು 16ನೇ ತಾರೀಖಿಗೆ ಮಾಡಬೇಡ, 15ಕ್ಕೆ ಮಾಡು ಎಂದೆ. ಮಧ್ಯಾಹ್ನ ಮಂಗಳೂರು ಬಿಡುವ ಮತ್ಸ್ಯಗಂಧ ಕುಂದಾಪುರ ದಾಟಿ ರಾತ್ರಿಯಿಡೀ ಓಡಿ ಮರುದಿನ ಬೆಳಿಗ್ಗೆ ಠಾಣೆಗೆ ಬರುತ್ತದೆ. ಅಲ್ಲಿಳಿದು ಸ್ಲೋ ಲೋಕಲ್ ಹಿಡಿದರೆ ಮುಲುಂಡ್, ನಾಹುರ್, ಮೂರನೆಯದು ಭಾಂಡುಪ್. ಎಲ್ಲ ಸರಿಯಿದ್ದರೆ ಅದೇ ದಿನ ಆಫೀಸಿಗೂ ಹೋಗಬಹುದು ಎಂದು ಅನಿಸುತ್ತದೆ. ಆದರೆ ಜುಲೈಯಲ್ಲಿ ಕೊಂಕಣದ ಮಳೆ ಯಾರ ಮಾತೂ ಕೇಳುವುದಿಲ್ಲ. ಮಳೆಗಾಲದ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ. 2024ರ ಜುಲೈ 14ರಂದು ರತ್ನಾಗಿರಿ ಜಿಲ್ಲೆಯ ಖೇಡ್ ಕಡೆ ಹಳಿಯ ಮೇಲೆ ಗುಡ್ಡ ಕುಸಿದು ಹೆಚ್ಚುಕಡಿಮೆ ಒಂದು ದಿನ ಆ ದಾರಿಯೇ ಬಂದಾಗಿತ್ತು. ಅದಕ್ಕೇ ಭಾಂಡುಪ್ ತಲುಪುವ ದಿನ ಮತ್ತು ಹಾಜರಾಗುವ ದಿನ ಒಂದೇ ಆಗಿರಬಾರದು. ನಡುವೆ ಒಂದು ದಿನ ಇರಬೇಕು, ಆ ದಿನವೂ ರಜೆಯ ಒಳಗೇ ಇರಬೇಕು.

ಆಮೇಲೆ, ಶುಕ್ರವಾರ ಮಧ್ಯಾಹ್ನ, ಅವಳು ಕೊನೆಯ ಮೇಲ್ ಕಳಿಸಿದಳು. ಅವಳು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ವಿಷಯ: ರಜೆ, ಜೂನ್ 2ರಿಂದ ಜುಲೈ 16. ಹಾಜರಾಗುವ ದಿನ ಜುಲೈ 17, ಗುರುವಾರ.

ಮಾನ್ಯರೇ, ನನಗೆ 45 ದಿನದ ರಜೆ ಕೊಟ್ಟದ್ದಕ್ಕೆ, ದಿನಗಳ ಲೆಕ್ಕವನ್ನು ವಿಚಾರಿಸಿ ತಿಳಿಸಿದ್ದಕ್ಕೆ ವಂದನೆಗಳು. ರಜೆ ಜೂನ್ 2, ಸೋಮವಾರದಿಂದ ಜುಲೈ 16, ಬುಧವಾರದವರೆಗೆ, ಎರಡೂ ದಿನ ಸೇರಿ. ಜುಲೈ 17, ಗುರುವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಕೆಲಸಕ್ಕೆ ಹಾಜರಾಗುತ್ತೇನೆ. ಜೂನ್ ತಿಂಗಳ ಕೊನೆಯ ಲೆಕ್ಕಪತ್ರ ನನ್ನ ಪಕ್ಕದ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ. ಅವರಿಗೆ ಬೇಕಾದ ಫೈಲುಗಳ ಪಟ್ಟಿ ಕೊಟ್ಟಿದ್ದೇನೆ, ಈ ಪತ್ರ ಅವರಿಗೂ ಹೋಗುತ್ತಿದೆ. ಈ ಭಾರ ಹೊತ್ತದ್ದಕ್ಕೆ ಅವರಿಗೆ ನಾನು ಋಣಿ. ಊರಿನ ವಿಳಾಸ ಮತ್ತು ಅಲ್ಲಿನ ಫೋನ್ ನಂಬರ್ ಕೆಳಗಿದೆ. ಅಮ್ಮನ ಆರೋಗ್ಯದಿಂದಾಗಿ ದಿನದಲ್ಲಿ ಬದಲಾವಣೆ ಬೇಕಾದರೆ ಜುಲೈ 7ರ ಒಳಗೆ ಬೇರೆ ಪತ್ರ ಬರೆದು ಕೇಳುತ್ತೇನೆ. ಬರೆಯದಿದ್ದರೆ 17ಕ್ಕೇ ಬರುತ್ತೇನೆ ಎಂದು ತಿಳಿಯಬೇಕಾಗಿ ವಿನಂತಿ.’

ಈ ಪತ್ರದಲ್ಲಿ ಇಲ್ಲದಿರುವುದನ್ನೂ ನೋಡಿ. ‘ಅಮ್ಮ ಹುಷಾರಾದರೆ ಬರುತ್ತೇನೆ’ ಎಂಬ ಮಾತಿಲ್ಲ. ‘ದೇವರ ದಯೆಯಿದ್ದರೆ’ ಎಂಬುದೂ ಇಲ್ಲ. ಮನೆಯಲ್ಲಿ ಹಾಗೆ ಹೇಳಬೇಕು, ಹಾಗೆ ಹೇಳುವುದೇ ನಮ್ಮ ರೂಢಿ. ಆದರೆ ಮಸ್ಟರು ಬರೆಯುವವನಿಗೆ ‘ಆದರೆ’, ‘ದ್ದರೆ’ಗಳನ್ನು ಬರೆಯಲು ಕಾಲಮ್ಮಿಲ್ಲ. ದಿನ ಬದಲಾಗುವ ಸಾಧ್ಯತೆ ಇದ್ದೇ ಇದೆ. ಅದನ್ನು ಮುಚ್ಚಿಡದೆ, ಯಾವ ದಿನದೊಳಗೆ ತಿಳಿಸುತ್ತೇನೆ ಎಂಬ ಇನ್ನೊಂದು ದಿನವಾಗಿ ಮಾಡಿ ಬರೆದಳು. ಜುಲೈ 7 ಎಂದು ಇಟ್ಟದ್ದು, ಉತ್ತರ ಬರಲು ಒಂದು ವಾರವಾದರೂ ಇರಲಿ, ಉತ್ತರ ಆಗುವುದಿಲ್ಲ ಎಂದು ಬಂದರೂ 15ರ ಗಾಡಿ ಹತ್ತಲು ಸಮಯವಿರಲಿ ಎಂದು. ಅಮ್ಮನ ಎಕ್ಸ್‌ರೇ, ಔಷಧಿಗಳ ವಿವರವೂ ಇಲ್ಲ. ಅವು ರಜೆ ಕೇಳುವಾಗಿನ ಮಾತು, ಸಿಕ್ಕ ಮೇಲೆ ಮತ್ತೆ ಹೇಳಿದರೆ ಇನ್ನೂ ಕೇಳುತ್ತಿರುವಂತೆ ಕಾಣುತ್ತದೆ. ಇನ್ನೂ ಹತ್ತು ದಿನ ಸಿಗಬಹುದೇ ಎಂಬ ಬಾಲವೂ ಇಲ್ಲ. ವಂದನೆಯ ಪತ್ರದ ಕೊನೆಯಲ್ಲಿ ಹೊಸ ಬೇಡಿಕೆ ಇಟ್ಟರೆ, ಓದುವವರಿಗೆ ವಂದನೆಯೂ ಬೇಡಿಕೆಯ ಪೀಠಿಕೆಯೆಂದೇ ಅನಿಸುತ್ತದೆ.

ವಿಷಯದ ಸಾಲಿನಲ್ಲೇ ದಿನ ಹಾಕಿಸಿದ್ದಕ್ಕೂ ಕಾರಣವಿದೆ. ಒಂದೂವರೆ ತಿಂಗಳಲ್ಲಿ ಮ್ಯಾನೇಜರ್ ಬದಲಾಗಬಹುದು. ಮಂಜೂರು ಮಾಡಿದವರು ಬೇರೆ ಶಾಖೆಗೆ ಹೋಗಿ, ಹೊಸಬರು ಕೂತು, ‘ಈ ಹುಡುಗಿ ಎಲ್ಲಿ?’ ಎಂದು ಕೇಳುವುದನ್ನು ನಾನು ಟೈಮ್ ಆಫೀಸಿನಲ್ಲಿ ಎಷ್ಟು ಸಲ ನೋಡಿಲ್ಲ! ಬಾಯಿಮಾತಿನಲ್ಲಿ ‘ಹೋಗಿ ಬಾ’ ಎಂದವರ ಮಾತು ಅವರ ಜೊತೆಗೇ ಹೋಗುತ್ತದೆ. ಅದಕ್ಕೇ ವಾಟ್ಸಾಪಿನಲ್ಲಿ ಕಳಿಸಿದ ವಂದನೆ ಸಾಲದು. ಮಂಜೂರಾತಿ ಬಂದ ಮೇಲ್‌ಗೇ ಉತ್ತರವಾಗಿ ಬರೆಯಬೇಕು, ಎಚ್.ಆರ್.ಗೂ ಪ್ರತಿ ಹೋಗಬೇಕು, ನಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಬರಬೇಕು. ತಕರಾರು ಬಂದ ದಿನ ಆಫೀಸಿನ ಮೇಲ್ ತೆರೆಯದೇ ಇರಬಹುದು. ಸಣ್ಣ ಹೋಟೆಲಿನಲ್ಲೋ ಅಂಗಡಿಯಲ್ಲೋ ಕೆಲಸ ಮಾಡುವವರಿಗೆ ಮೇಲ್ ಇರುವುದಿಲ್ಲ, ಅವರಿಗೆ ಫೋನಿನ ಸಂದೇಶವೇ ಪತ್ರ. ಅದರಲ್ಲೂ ಧ್ವನಿ ಸಂದೇಶ ಬೇಡ, ಅಕ್ಷರದಲ್ಲಿ ಬರೆಯಿರಿ. ‘ಸೇಠ್, ವಂದನೆ, ಇಂಥ ತಾರೀಖು ಇಂಥ ವಾರ ಬೆಳಿಗ್ಗೆ ಕೆಲಸಕ್ಕೆ ಬರುತ್ತೇನೆ’ ಎಂಬ ಒಂದು ಸಾಲು, ಅದಕ್ಕೆ ಅವರಿಂದ ‘ಆಯಿತು’ ಎಂಬ ಒಂದು ಮಾತು. ಅಷ್ಟಿದ್ದರೂ ಅದು ರಸೀದಿ.

ಹೌದು, ನನ್ನ ಪಾಲಿಗೆ ಇದು ರಸೀದಿಯೇ. ಅವರು ಕೊಟ್ಟದ್ದು ಇಷ್ಟು, ನಾನು ಪಡೆದದ್ದು ಇಷ್ಟು, ತಿರುಗಿಸುವ ದಿನ ಇದು ಎಂದು ಎರಡೂ ಕಡೆಯವರು ನೆನಪಿರುವಾಗಲೇ ಬರೆದಿಡುವುದು. ವಂದನೆ ಅದರೊಳಗೆ ಸಹಜವಾಗಿ ಬರುತ್ತದೆ. ಮಂಜೂರು ಮಾಡಿದವರಿಗೆ ಒಂದು ಸಾಲು ಸಾಕು. ಆದರೆ ನಮ್ಮ ಕೆಲಸ ಹೊತ್ತವರಿಗೆ ಹೇಳುವ ವಂದನೆಯನ್ನು ಅದೇ ಪತ್ರದಲ್ಲಿ, ಮ್ಯಾನೇಜರರ ಕಣ್ಣಿಗೆ ಬೀಳುವಂತೆ ಬರೆಯಬೇಕು. ಆಮೇಲೆ ಯಾರಾದರೂ ಜೂನಿನ ಲೆಕ್ಕ ತಡವಾಯಿತೇಕೆ ಎಂದು ಕೇಳಿದರೆ, ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದರು ಎಂಬುದಕ್ಕೆ ಆ ಸಾಲೇ ಸಾಕ್ಷಿ.

ಜುಲೈ 7ರಂದು ಅವಳು ಪತ್ರ ಬರೆಯಲಿಲ್ಲ, ಬರೆಯುವ ಅಗತ್ಯ ಬೀಳಲಿಲ್ಲ. ಅಮ್ಮ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಿದ್ದರಂತೆ. 17ರ ಬೆಳಿಗ್ಗೆ ಆಫೀಸಿಗೆ ಹೋದಾಗ ಪಕ್ಕದ ಮೇಜಿನ ಮರಾಠಿ ಹೆಣ್ಣುಮಗಳು ಎದ್ದು ಬಂದು ಅವಳ ಕೈ ಹಿಡಿದುಕೊಂಡಳಂತೆ. ಅವಳು ಆ ಶನಿವಾರಕ್ಕೆ ಕೊಲ್ಹಾಪುರದ ತವರಿಗೆ ಟಿಕೆಟ್ ಮಾಡಿಸಿಟ್ಟಿದ್ದಳು. ಮೇ 30ರ ಮೇಲ್ ನೋಡಿದ ದಿನವೇ ಲೆಕ್ಕ ಹಾಕಿ ಮಾಡಿಸಿದ್ದಂತೆ.